ಸರಿಯೋ ತಪ್ಪೋ: ಗಿಡದ ಉಸಿರಾಟದ ಪ್ರಶ್ನೆ

ಜೀವಶಾಸ್ತ್ರದ ಪ್ರಶ್ನೆಪತ್ರಿಕೆಗಳಲ್ಲಿ ‘ಸಸ್ಯಗಳು ರಾತ್ರಿ ಮಾತ್ರ ಉಸಿರಾಡುತ್ತವೆ, ಸರಿಯೋ ತಪ್ಪೋ?’ ಎಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಪಾಠ ಓದದ ಹುಡುಗನೂ ಇದಕ್ಕೆ ‘ತಪ್ಪು’ ಎಂದೇ ಬರೆಯುತ್ತಾನೆ. ‘ಮಾತ್ರ’, ‘ಎಂದಿಗೂ’ ಎಂಬ ಮಾತುಗಳಿದ್ದರೆ ಹೇಳಿಕೆ ಸಾಮಾನ್ಯವಾಗಿ ಸುಳ್ಳೆಂಬುದನ್ನು ಮಕ್ಕಳು ಬಹು ಬೇಗ ಕಂಡುಕೊಳ್ಳುತ್ತಾರೆ. ಹಾಗೆಂದು ‘ಮಾತ್ರ’ವನ್ನು ತೆಗೆದುಬಿಟ್ಟರೆ ಹೇಳಿಕೆ ನಿಜವಾಗಿಬಿಡುತ್ತದೆ, ಹಗಲಿನಲ್ಲಿ ಗಿಡ ಉಸಿರಾಡದೆಂದು ನಂಬಿದವನೂ ‘ಸರಿ’ ಎಂದು ಬರೆದು ಅಂಕ ಪಡೆಯುತ್ತಾನೆ.

ಆದುದರಿಂದ ತಪ್ಪು ತಿಳಿವಳಿಕೆ ಅಡಗಿರುವ ಹಗಲನ್ನೇ ಕುರಿತು ಕೇಳಬೇಕು. ‘ನಡುಹಗಲಿನ ಬಿಸಿಲಿನಲ್ಲಿ ತುಳಸಿಯ ಎಲೆ ಉಸಿರಾಡುತ್ತಿರುತ್ತದೆ.’ ಇದು ಸರಿ. ಆದರೆ ‘ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಿರುತ್ತದೆ’ ಎಂದು ಬರೆಯಲಾಗದು. ಉಸಿರಾಟದಲ್ಲಿ ಹುಟ್ಟಿದ ಆ ಅನಿಲವನ್ನು ಬಿಸಿಲಿನಲ್ಲಿ ಎಲೆಯೇ ಆಹಾರ ತಯಾರಿಕೆಗೆ ಬಳಸಿಕೊಂಡು, ಸಾಲದುದನ್ನು ಗಾಳಿಯಿಂದ ಪಡೆಯುತ್ತದೆ. ಹಾಗೆ ಬರೆದರೆ ಚೆನ್ನಾಗಿ ಬಲ್ಲ ವಿದ್ಯಾರ್ಥಿಯೇ ಸಿಕ್ಕಿಬೀಳುವನು!

ಒಂದೇ ಹೇಳಿಕೆಯಾದರೆ ಊಹೆಗೂ ಅರ್ಧ ಅವಕಾಶವುಂಟು. ಆದ್ದರಿಂದ ನಾವು ಅದರ ಜೋಡಿಯನ್ನು ಪತ್ರಿಕೆಯಲ್ಲಿ ದೂರವಿಡುತ್ತೇವೆ: ‘ಬೆಳಕು ಬಿದ್ದಾಗ ಎಲೆಯ ಉಸಿರಾಟ ನಿಂತು ಆಹಾರ ತಯಾರಿಕೆ ಮೊದಲಾಗುತ್ತದೆ.’ ಇದು ತಪ್ಪು. ಆದರೂ ಸುಳಿವು ಕೊಡುವ ಮಾತಿಲ್ಲ. ಮೊದಲನೆಯದಕ್ಕೆ ‘ತಪ್ಪು’, ಇದಕ್ಕೆ ‘ಸರಿ’ ಎಂದವನು ಹಗಲು ಊಟ, ರಾತ್ರಿ ಉಸಿರು ಎಂದು ನಂಬಿರುವ ಸಂಭವ ಹೆಚ್ಚು. ಎರಡಕ್ಕೂ ಒಂದೇ ಉತ್ತರ ಬರೆದವನು ಬಹುಶಃ ಊಹಿಸಿದವನು. ನಂಬಿದವನಿಗೆ ಬೇರನ್ನು ತೋರಿಸಬೇಕು. ಬೆಳಕನ್ನೇ ಕಾಣದ ಬೇರು ಹಗಲೂ ಇರುಳೂ ಆಮ್ಲಜನಕವನ್ನು ಬಳಸುತ್ತದೆ. ಕುಂಡದಲ್ಲಿ ನೀರು ನಿಂತರೆ ಅದು ಸಾಲದೆ ಗಿಡ ಸೊರಗುತ್ತದೆ.