ತಾಂಬೂಲ ಕೈಗೆ, ಹೊಗೆಸೊಪ್ಪು ತಟ್ಟೆಗೆ

ಊಟವಾದ ಮೇಲೆ ಸೋದರಮಾವ ಎಲೆ-ಅಡಿಕೆ ತಟ್ಟೆ ಮುಂದಿಟ್ಟು, ಹೊಗೆಸೊಪ್ಪಿನ ಎಸಳನ್ನೂ ಚಾಚಿದಾಗ ಏನು ಮಾಡಲಿ ಎಂದು ಕೇಳಿದ್ದೀರಿ. ತಂಬಾಕು ಬಿಟ್ಟು ಮೂರೇ ತಿಂಗಳಾಗಿದೆ ಎಂದೂ ಬರೆದಿದ್ದೀರಿ. ಆ ತಟ್ಟೆಯಲ್ಲಿ ಮರ್ಯಾದೆ ಇರುವುದು ತಾಂಬೂಲದಲ್ಲಿ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂದು, ಅದಕ್ಕೂ ಬಹಳ ಹಿಂದಿನಿಂದಲೇ ಇದ್ದ ತಾಂಬೂಲದ ಜೊತೆ ಸೇರಿಕೊಂಡಿತು. ಹಾಗಾಗಿ ಎಲೆ-ಅಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಿ, "ಹೊಗೆಸೊಪ್ಪು ಬಿಟ್ಟಿದ್ದೀನಿ ಮಾವ, ಎಲೆ-ಅಡಿಕೆ ಸಾಕು" ಎನ್ನಿ. ಅದನ್ನು ಅಲ್ಲೇ ಜಗಿಯಬೇಕೆಂದೂ ಇಲ್ಲ, ಮನೆಗೆ ಒಯ್ಯಬಹುದು. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿರುವುದರಿಂದ ನನ್ನ ಸಲಹೆಯೂ ಅದೇ.

"ಒಂದು ಎಸಳಿಗೆ ಏನಾಗುತ್ತೆ?" ಎಂದು ಅವರು ಕೇಳಬಹುದು. ತಂಬಾಕು ಬಿಟ್ಟವರಲ್ಲಿ ಚಟ ಮರಳುವುದು ಹೆಚ್ಚಾಗಿ ಆ ಒಂದರಿಂದಲೇ. ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಜೊತೆಗಿರುವವರು ಹಾಕಿಕೊಳ್ಳುವಾಗ. ಗಂಟಲು ಸರಿಯಿಲ್ಲ ಎಂಬ ನೆಪ ಸುಲಭ, ನಿಜ. ಆದರೆ ನೆಪಕ್ಕೆ ಅವಧಿ ಇರುತ್ತದೆ. ಮುಂದಿನ ಮದುವೆಯಲ್ಲಿ "ಈಗ ವಾಸಿಯಾಯ್ತಲ್ಲ" ಎಂದು ಎಸಳು ಮತ್ತೆ ಬರುತ್ತದೆ. "ಬಿಟ್ಟಿದ್ದೀನಿ" ಎಂಬ ಮಾತಿಗೆ ಆ ತೊಂದರೆಯಿಲ್ಲ. ಹಿರಿಯರ ಚಟದ ಬಗ್ಗೆ ಮಾತ್ರ ಅಲ್ಲಿ ಒಂದು ಮಾತೂ ಬೇಡ; ಅವರಿಗೆ ನೋವಾಗುವುದು ನಿರಾಕರಣೆಗಿಂತ ಉಪದೇಶದಿಂದ. ಗೆಳೆಯರು ಸಿಗರೇಟಿಗೆ ಹೊರಗೆ ಕರೆದರೆ, "ನೀವು ಮುಗಿಸಿ ಬನ್ನಿ, ಕಾಫಿಗೆ ಕಾದಿರ್ತೀನಿ" ಎಂದು ಒಳಗೇ ಉಳಿಯಿರಿ.