ಕೈ ಹಿಡಿಯುವ ಮುಂಚೆ

ತಮ್ಮಾ, ನಿನ್ನ ಕತೆ ಓದಿದೆ. ಮದುವೆಮನೆಯ ಜಗಲಿಯಲ್ಲಿ ಅವರಿಬ್ಬರೂ ಕೂತು ಮಲ್ಲಿಗೆ ಕಟ್ಟುವ ಭಾಗವೇ ಕತೆಯ ಜೀವ. ಆದರೆ ಅಲ್ಲೇ ನೀನು ಅವಸರಪಟ್ಟಿದ್ದೀಯ. ಅವನ ಮೈಯಲ್ಲಿ ಮಿಂಚು ಹರಿಯಿತು, ಅವಳ ಕೆನ್ನೆ ಕೆಂಪಾಯಿತು, ಅವನು ಕೈ ಹಿಡಿದೇ ಬಿಟ್ಟ. ಮೂರು ವಾಕ್ಯಕ್ಕೆ ಎಲ್ಲ ಮುಗಿದರೆ ಓದುವವರು ಕಾಯುವುದಾದರೂ ಯಾತಕ್ಕೆ?

ಮೊದಲು ಆ ಮಿಂಚನ್ನು ಹೊಡೆದುಹಾಕು. ಉಡುಪಿ ಕಡೆಯ ಕತೆ ತಾನೆ? ಅಲ್ಲಿ ಮಲ್ಲಿಗೆ ಕಟ್ಟುವುದು ಬಾಳೆನಾರಿನಲ್ಲಿ. ನಾರು ಒಣಗಿದರೆ ತುಂಡಾಗುತ್ತದೆಂದು ಒದ್ದೆ ಮಾಡಿಕೊಂಡಿರುತ್ತಾರೆ. ಅಂದಮೇಲೆ ಅವಳ ಬೆರಳು ತಣ್ಣಗಿರುತ್ತದೆ. ನಾರಿನ ತುದಿಯ ಹನಿ ಅವನ ಮಣಿಕಟ್ಟಿನ ಮೇಲೆ ಬೀಳಲಿ, ಅವನು ಒರೆಸಿಕೊಳ್ಳದಿರಲಿ. ಪರಿಮಳವನ್ನೂ ದುಡಿಸಿಕೋ. ಬೆಳಿಗ್ಗೆ ಕೊಯ್ದ ಮೊಗ್ಗು ಬಿರಿಯುವುದು ಸಂಜೆಯ ಮೇಲೆ. ಶುರುವಿನಲ್ಲಿ ಇದೆಯೋ ಇಲ್ಲವೋ ಅನ್ನುವಂತಿದ್ದ ಘಮ ಪುಟದ ಕೊನೆಗೆ ಜಗಲಿಯನ್ನೆಲ್ಲ ತುಂಬಿದರೆ, ಅವರು ಎಷ್ಟು ಹೊತ್ತು ಕೂತಿದ್ದರೆಂದು ನೀನು ಹೇಳಬೇಕಾಗಿಲ್ಲ. ಇವೆರಡು ಸಾಕು. ಬೆಳದಿಂಗಳು, ತಂಗಾಳಿ, ಬಳೆ ಸದ್ದು ಅಂತ ತಂದು ಸುರಿದೆಯೋ, ಸಿನಿಮಾ ಹಾಡಾಗಿಬಿಡುತ್ತದೆ.

‘ಅವಳಿಗೆ ಅವನ ಮೇಲೆ ಮನಸ್ಸಾಯಿತು’ ಎಂದೂ ಬರೆಯಬೇಡ. ಭಾವವನ್ನು ಅದರ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ರಸದೋಷಗಳ ಸಾಲಿಗೆ ಸೇರಿಸಿದ್ದಾನೆ. ಮೈ ತಾನಾಗಿ ತೋರುವ ಗುರುತುಗಳನ್ನು ಹಳಬರು ಎಂಟು ಸಾತ್ತ್ವಿಕ ಭಾವಗಳೆಂದು ಎಣಿಸಿದರು. ಬೆವರು, ನಡುಕ, ದನಿ ಬದಲಾಗುವುದು ಅವುಗಳಲ್ಲಿ ಸೇರಿವೆ. ನೀನು ದನಿಯೊಂದನ್ನೇ ಹಿಡಿ. ಮೊಗ್ಗು ಎಣಿಸುತ್ತಿದ್ದವಳ ದನಿ ಸಣ್ಣದಾಗಲಿ, ಮೂವತ್ತು ಎಂದವಳು ಮತ್ತೆ ಇಪ್ಪತ್ತೊಂಬತ್ತು ಎನ್ನಲಿ.

ಇನ್ನು ಕೈ ಹಿಡಿಯುವ ಸಂಗತಿ. ಅವಳಿಂದ ಒಂದು ಸೂಚನೆಯೂ ಬಂದಿರಲಿಲ್ಲ. ನೀನು ಅದನ್ನು ಪ್ರೇಮವೆಂದುಕೊಂಡೆ, ನನಗೆ ಕಂಡದ್ದು ಬಲವಂತ. ಅವನು ನಾಲ್ಕು ಮೊಗ್ಗನ್ನು ಅಂಗೈಯಲ್ಲಿಟ್ಟು ಚಾಚಲಿ, ಚಾಚಿ ಸುಮ್ಮನಿರಲಿ. ಹರಿವಾಣದಲ್ಲೂ ಮೊಗ್ಗಿವೆ. ಅವಳು ಯಾವುದಕ್ಕೆ ಕೈ ಹಾಕುತ್ತಾಳೆ? ದೃಶ್ಯದ ಬಿಗಿಯೆಲ್ಲ ಇರುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನಿಸು. ಅವಳು ನಾರನ್ನು ಇನ್ನೊಮ್ಮೆ ಒದ್ದೆ ಮಾಡಿಕೊಳ್ಳಲಿ, ಬಿಗಿಯಾಗಿಯೇ ಇದ್ದ ಗಂಟನ್ನು ಮತ್ತೆ ಬಿಗಿಯಲಿ. ಅವನ ಅಂಗೈಯಿಂದ ಎತ್ತಿಕೊಂಡಳೆಂದರೆ ಬೆರಳು ತಾಗಿದ್ದನ್ನು ನೀನು ಬರೆಯದಿದ್ದರೂ ಓದುವವರಿಗೆ ತಿಳಿಯುತ್ತದೆ. ಹರಿವಾಣಕ್ಕೇ ಕೈ ಹಾಕಿದಳೋ, ಅವನು ಆ ನಾಲ್ಕನ್ನೂ ಅಲ್ಲಿಗೇ ಸುರಿದು ಅಡಿಗೆಯವರು ಬಂದರಾ ಎಂದು ಬೇರೆ ಮಾತು ತೆಗೆಯಬೇಕು. ಮುಖ ಸಪ್ಪಗೆ ಮಾಡಿಕೊಳ್ಳಬಾರದು, ಅದೂ ಒತ್ತಾಯವೇ.

ಅಷ್ಟಾದ ಮೇಲೆ ಒಳಗಿನಿಂದ ಯಾರಾದರೂ ‘ಹೂ ಆಯ್ತಾ?’ ಅಂತ ಕೂಗಲಿ. ಅದರ ಮುಂದಿನ ನಿನ್ನ ಎರಡು ಪುಟ ಬೇಡ. ತಿದ್ದಿ ಕಳಿಸು, ಯಾವುದಕ್ಕೆ ಕೈ ಹಾಕಬೇಕೆಂಬುದನ್ನು ಮಾತ್ರ ಅವಳಿಗೇ ಬಿಡು.