ಆರ್‌ಎಸ್‌ಐ ಇಳಿದರೂ ಚಿನ್ನ ಏಕೆ ಏರಿತು?

ಪ್ರಶ್ನೆ: ಚಿನ್ನದ ನಾಲ್ಕು ಗಂಟೆಯ ಚಾರ್ಟಿನಲ್ಲಿ ಬೆಲೆ ಹೊಸ ಎತ್ತರಕ್ಕೆ ಹೋಯಿತು, ಆರ್‌ಎಸ್‌ಐ ಮಾತ್ರ ಹಿಂದಿನ ಎತ್ತರ ಮುಟ್ಟಲಿಲ್ಲ. ಡೈವರ್ಜೆನ್ಸ್ ಎಂದು ಮಾರಿದೆ. ಬೆಲೆ ಏರುತ್ತಲೇ ಹೋಯಿತು. ನಾನು ತಪ್ಪಿದ್ದೆಲ್ಲಿ?
– ಓದುಗರೊಬ್ಬರು, ಮಾಲೂರು

ಉತ್ತರ: ನೀವು ಚಾರ್ಟನ್ನು ಸರಿಯಾಗಿಯೇ ಓದಿದ್ದೀರಿ. ಅದು ಹೇಳದ್ದನ್ನೂ ಸ್ವಲ್ಪ ಸೇರಿಸಿಕೊಂಡಿರಿ, ಅಷ್ಟೆ.

ವೆಲ್ಸ್ ವೈಲ್ಡರ್ 1978ರಲ್ಲಿ ಪರಿಚಯಿಸಿದ ಆರ್‌ಎಸ್‌ಐ, ಕಳೆದ 14 ಕ್ಯಾಂಡಲ್‌ಗಳ ಸರಾಸರಿ ಏರಿಕೆಯನ್ನು ಸರಾಸರಿ ಇಳಿಕೆಗೆ ಹೋಲಿಸುತ್ತದೆ. ಮೊದಲ ಶಿಖರದಲ್ಲಿ ಸರಾಸರಿ ಏರಿಕೆ 300 ರೂಪಾಯಿ, ಇಳಿಕೆ 100 ರೂಪಾಯಿ ಎಂದುಕೊಳ್ಳಿ. ಆರ್‌ಎಸ್‌ಐ 75. ಎರಡನೆಯದರಲ್ಲಿ ಏರಿಕೆ 240, ಇಳಿಕೆ 120 ಆದರೆ ಆರ್‌ಎಸ್‌ಐ 67. ಡೈವರ್ಜೆನ್ಸ್ ಆಯಿತು, ನಿಜ. ಆದರೂ ಏರಿಕೆ ಇಳಿಕೆಯ ಎರಡರಷ್ಟಿದೆ! ಮಾಲೂರು ಬಿಟ್ಟ ರೈಲು ಟೇಕಲ್ ಹತ್ತಿರ ನಿಧಾನವಾದರೂ ಬಂಗಾರಪೇಟೆಯ ಕಡೆಗೇ ಹೋಗುತ್ತಿರುತ್ತದೆ. ಡೈವರ್ಜೆನ್ಸ್ ತಿಳಿಸುವುದು ವೇಗ ತಗ್ಗಿದ್ದನ್ನು, ದಿಕ್ಕು ಬದಲಾದದ್ದನ್ನಲ್ಲ. ಬಲವಾದ ಏರುಗತಿಯಲ್ಲಿ ಮೊದಲ ಜಿಗಿತವೇ ಆರ್‌ಎಸ್‌ಐಯನ್ನು ತೀರಾ ಮೇಲಕ್ಕೆ ಒಯ್ದಿರುತ್ತದೆ. ಆಮೇಲಿನ ಶಿಖರಗಳು ಅದನ್ನು ಮುಟ್ಟದಿರುವುದೇ ಹೆಚ್ಚು. ಹಾಗಾಗಿ ಒಂದರ ಹಿಂದೊಂದು ಡೈವರ್ಜೆನ್ಸ್ ಕಾಣಬಹುದು.

2025ನ್ನೇ ನೋಡಿ. ಆಗಸ್ಟ್ ಕೊನೆಗೆ ಔನ್ಸಿಗೆ ಸುಮಾರು 3,450 ಡಾಲರ್ ಇದ್ದ ಚಿನ್ನ ಅಕ್ಟೋಬರ್ 20ಕ್ಕೆ ಸುಮಾರು 4,380 ತಲುಪಿತು. ಮರುದಿನ ಶೇ 5ಕ್ಕೂ ಹೆಚ್ಚು ಕುಸಿಯಿತು. ಆ ತಿಂಗಳ ಕೊನೆಯ ಇಳಿತವೂ 3,900ರ ಆಸುಪಾಸಿನಲ್ಲಿ ನಿಂತಿತು. ಸೆಪ್ಟೆಂಬರ್ ನಡುವೆ 3,700ರ ಒಳಗೆ ಮಾರಿದವರಿಗೆ ಆ ದೊಡ್ಡ ಕುಸಿತದಲ್ಲೂ ತಮ್ಮ ಬೆಲೆ ಮರಳಿ ಸಿಗಲಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ದಿನದ ಚಾರ್ಟ್ ನೋಡಿ. ಅಲ್ಲಿ ಏರುಗತಿ ಗಟ್ಟಿಯಾಗಿದ್ದರೆ ನಾಲ್ಕು ಗಂಟೆಯ ಡೈವರ್ಜೆನ್ಸನ್ನು ಲಾಭದ ಒಂದು ಪಾಲು ತೆಗೆದುಕೊಳ್ಳಲು ಬಳಸಿ, ಎದುರು ಮಾರಲು ಬೇಡ. ಬೆಲೆ ಹಿಂಜರಿದಾಗ ಆರ್‌ಎಸ್‌ಐ 40–50ರ ನಡುವೆ ನಿಂತು ಮತ್ತೆ ಏಳುತ್ತಿದ್ದರೆ ಏರುಗತಿ ಇನ್ನೂ ಜೀವಂತ. ಮಾರಲೇಬೇಕೆಂದರೆ ಎರಡು ಶಿಖರಗಳ ನಡುವಿನ ತಗ್ಗಿನ ಕೆಳಗೆ ಒಂದು ಕ್ಯಾಂಡಲ್ ಮುಗಿಯುವವರೆಗೆ ಕಾಯಿರಿ. ಸ್ವಲ್ಪ ಲಾಭ ಕೈತಪ್ಪುತ್ತದೆ, ಆದರೆ ಬರೀ ಅನುಮಾನಕ್ಕೆ ಹಣ ಹಾಕಿದಂತಾಗುವುದಿಲ್ಲ.

ಇನ್ನೊಂದು ಗೊಂದಲ ನಿಮಗೂ ಬಂದಿರಬಹುದು. ಇದೇ ಚಾರ್ಟನ್ನು ಷೇರುಗಳಿಗೆ ಹಾಕಿದರೆ, 9.15ರಿಂದ 3.30ರ ವಹಿವಾಟಿನಲ್ಲಿ ಮೊದಲ ಕ್ಯಾಂಡಲ್ ಮಾತ್ರ ಪೂರ್ತಿ ನಾಲ್ಕು ಗಂಟೆಯದು. ಎರಡನೆಯದು ಎರಡೂಕಾಲು ಗಂಟೆಯದಷ್ಟೆ. ಆರ್‌ಎಸ್‌ಐ ಎರಡನ್ನೂ ಒಂದೇ ತೂಕದಲ್ಲಿ ಎಣಿಸುತ್ತದೆ. ಮಧ್ಯಾಹ್ನದ ಕ್ಯಾಂಡಲ್‌ನಲ್ಲಿ ಕಂಡ ಡೈವರ್ಜೆನ್ಸನ್ನು ಒಂದು ಗಂಟೆಯ ಚಾರ್ಟಿನಲ್ಲೂ ಸರಿನೋಡಿ.